ಕಲ್ಲು ಉಳಿಯಿತು, ಮೊಳೆ ಉಳಿಯಲಿಲ್ಲ

ಫೆಬ್ರುವರಿಯ ಒಂದು ರಾತ್ರಿಯಿಡೀ ಬಿರುಗಾಳಿ ಬೀಸಿತು. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ಹೂವಿನ ಪಾತಿಯಲ್ಲಿ ಮೂರು ಸ್ಲೇಟುಗಳು ಮಣ್ಣಿನಲ್ಲಿ ನೆಟ್ಟಗೆ ನಾಟಿಕೊಂಡಿದ್ದವು. ನಮ್ಮ ಮನೆ ಇರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. 1890ರ ದಶಕದಲ್ಲಿ ಕಟ್ಟಿದ ಸಾಲುಮನೆಗಳಲ್ಲಿ ಒಂದು. ಈ ಬೀದಿಯ ಎಲ್ಲ ಮಾಡುಗಳಿಗೂ ಹೊದಿಸಿರುವುದು ವೇಲ್ಸ್‌ನ ಉತ್ತರಭಾಗದ ಗಣಿಗಳಿಂದ ಬಂದ ನೇರಳೆ ಮಿಶ್ರಿತ ಬೂದುಬಣ್ಣದ ಸ್ಲೇಟು ಕಲ್ಲು. ಎರಡು ಅಂತಸ್ತಿನ ಮೇಲಿಂದ ಜಾರಿದ ಕಲ್ಲು ಅಂಚು ಕೆಳಗಾಗಿ ಬೀಳುತ್ತದೆ, ಕೊಡಲಿಯ ಹಾಗೆ. ರಾತ್ರಿ ಅಲ್ಲಿ ಯಾರೂ ಇರಲಿಲ್ಲ ಎನ್ನುವುದೇ ನಮ್ಮ ಪುಣ್ಯ.

ಆಗ ಅಪ್ಪ ಊರಿನಿಂದ ಬಂದು ನಮ್ಮ ಜೊತೆಗಿದ್ದರು. ತೀರ್ಥಹಳ್ಳಿ ಕಡೆಯ ಹಳ್ಳಿಯವರು, ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ತಾವೇ ಮಾಡಿಗೆ ಹತ್ತಿ ಮಂಗಳೂರು ಹೆಂಚು ಸರಿಮಾಡಿಕೊಂಡು ಬಂದವರು. ಒಂದು ಸ್ಲೇಟನ್ನು ಮಣ್ಣಿನಿಂದ ಕಿತ್ತು, ಒರೆಸಿ, ಎರಡು ಬೆರಳಲ್ಲಿ ಮೇಲಂಚನ್ನು ತೂಗಿ ಹಿಡಿದು ಗೆಣ್ಣಿನಿಂದ ಹೊಡೆದರು. ಟಣ್ ಎಂದಿತು. ಊರಲ್ಲಿ ಹೆಂಚು ಕೊಳ್ಳುವಾಗಲೂ ಅವರು ಮಾಡುತ್ತಿದ್ದದ್ದು ಇದನ್ನೇ.

"ಇದು ಒಡೆದಿಲ್ಲ ಮಾರಾಯ, ಗಟ್ಟಿಯಾಗೇ ಇದೆ. ಮತ್ತೆ ಬಿದ್ದದ್ದು ಯಾಕೆ?"

ಉತ್ತರ ಆ ಕಲ್ಲಿನಲ್ಲೇ ಇತ್ತು. ಕಲ್ಲಿನ ನಡುಭಾಗಕ್ಕಿಂತ ಸ್ವಲ್ಪ ಮೇಲೆ, ಎರಡೂ ಪಕ್ಕದಲ್ಲಿ ಒಂದೊಂದು ತೂತು. ತೂತಿನ ಸುತ್ತ ಕಂದುಬಣ್ಣದ ತುಕ್ಕಿನ ಉಂಗುರ. ಮೂರು ಕಲ್ಲಿಗೂ ಹಾಗೆಯೇ. ನೂರಕ್ಕೂ ಹೆಚ್ಚು ವರ್ಷದ ಮಳೆಗೆ ಕಲ್ಲಿಗೆ ಏನೂ ಆಗಿರಲಿಲ್ಲ, ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆ ತುಕ್ಕು ತಿಂದು ಸೂಜಿಯಷ್ಟು ಸಣ್ಣಗಾಗಿ ಮುರಿದಿತ್ತು. ಇಲ್ಲಿಯ ಕೆಲಸಗಾರರು ಇದನ್ನು 'ಮೊಳೆಯ ಕಾಯಿಲೆ' ಎನ್ನುತ್ತಾರೆ. ಆ ಮೂರು ಕಲ್ಲುಗಳ ನೆಪದಲ್ಲಿ ನಾನು ಕಲಿತ ಮುಖ್ಯ ಸಂಗತಿ ಇದು: ಒಳ್ಳೆಯ ಸ್ಲೇಟು ಮಾಡಿನಲ್ಲಿ ಮೊದಲು ಸಾಯುವುದು ಕಲ್ಲಲ್ಲ, ಅದರ ಹಿಡಿತ. ಕಲ್ಲು ಎಷ್ಟು ವರ್ಷ ಬಾಳುತ್ತದೋ ಮೊಳೆಯೂ ಅಷ್ಟು ವರ್ಷ ಬಾಳಬೇಕು. ಬಾಳದಿದ್ದರೆ ಕಲ್ಲಿನ ಬಾಳಿಕೆಗೆ ಕೊಟ್ಟ ದುಡ್ಡು ನೀರಿಗೆ ಹೋದಂತೆ.

ನಮಗೆ ಸ್ಲೇಟು ಎಂದರೆ ಬಳಪ ಹಿಡಿದು ಅ ಆ ಇ ಈ ತಿದ್ದಿದ ಹಲಗೆ. ಉತ್ತರ ಕರ್ನಾಟಕದಲ್ಲಿ ಪಾಟಿ. ಕಟ್ಟಿನೊಳಗಿನ ಆ ಕಪ್ಪು ಕಲ್ಲೂ ಈ ಮಾಡಿನ ಕಲ್ಲೂ ಒಂದೇ ಜಾತಿ. ಆಂಧ್ರದ ಮಾರ್ಕಾಪುರ ಬರೆಯುವ ಸ್ಲೇಟಿಗೆ ಹೆಸರಾದರೆ, ಹಿಮಾಚಲದ ಕಾಂಗ್ರಾ, ಚಂಬಾ ಕಡೆಯ ಬೆಟ್ಟದ ಮನೆಗಳಿಗೆ ಇಂದಿಗೂ ಸ್ಲೇಟಿನ ಮಾಡು ಉಂಟು. ಕೋಟ್ಯಂತರ ವರ್ಷದ ಹಿಂದೆ ಕಡಲ ತಳದಲ್ಲಿ ಕೂತ ನುಣುಪು ಕೆಸರು ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ಗಟ್ಟಿಯಾದಾಗ, ಅದರೊಳಗಿನ ಜೇಡಿಯ ಕಣಗಳು ಅಭ್ರಕದಂಥ ತೆಳು ಹಾಳೆಗಳಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಕಲ್ಲು ಸೀಳುವುದು ಆ ದಿಕ್ಕಿಗೆ. ಕೆಸರು ಪದರಪದರವಾಗಿ ಕೂತ ದಿಕ್ಕಿಗೆ ಅಲ್ಲ, ಒತ್ತಡ ತೋರಿಸಿದ ದಿಕ್ಕಿಗೆ. ವೇಲ್ಸ್‌ನ ಪೆನ್ರಿನ್ ಗಣಿಯ ಕಲ್ಲು ಸುಮಾರು 50 ಕೋಟಿ ವರ್ಷ ಹಳೆಯದು.

ಕಲ್ಲು ಸೀಳುವುದನ್ನು ನಾನು ಹತ್ತಿರದಿಂದ ನೋಡಿದ್ದು ಲಾನ್‌ಬೆರಿಸ್ ಊರಿನ ಸ್ಲೇಟು ವಸ್ತುಸಂಗ್ರಹಾಲಯದಲ್ಲಿ. 1969ರಲ್ಲಿ ಮುಚ್ಚಿದ ಡಿನೋರ್ವಿಗ್ ಗಣಿಯ ಹಳೆಯ ಕಾರ್ಯಾಗಾರವದು. ಒಬ್ಬರು ತಗ್ಗಾದ ಪೀಠದ ಮೇಲೆ ಕೂತು, ಕಲ್ಲಿನ ಗಟ್ಟಿಯನ್ನು ತೊಡೆಗೆ ಒರಗಿಸಿಕೊಂಡು, ಅಗಲವಾದ ತೆಳು ಉಳಿಯನ್ನು ಅದರ ಅಂಚಿನ ಸರಿಯಾಗಿ ನಡುವೆ ಇಟ್ಟು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಸಣ್ಣ ಸದ್ದಿನೊಡನೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಉಳಿಯನ್ನು ಸ್ವಲ್ಪ ತಿರುಚಿದರು, ಕಲ್ಲು ಪುಸ್ತಕದ ಹಾಗೆ ಎರಡಾಗಿ ತೆರೆದುಕೊಂಡಿತು. ಆ ಎರಡರಲ್ಲಿ ಒಂದನ್ನು ತೆಗೆದುಕೊಂಡು ಮತ್ತೆ ನಡುವಿಗೇ ಉಳಿ. ಯಾವಾಗಲೂ ಅರ್ಧಕ್ಕೇ ಸೀಳುವುದು, ಅಂಚಿನಿಂದ ಒಂದೊಂದೇ ಹಾಳೆ ಎಬ್ಬಿಸುವುದಲ್ಲ. ಎರಡೂ ಕಡೆ ಸಮದಪ್ಪ ಇಲ್ಲದಿದ್ದರೆ ಬಿರುಕು ತೆಳುವಾದ ಕಡೆಗೆ ವಾಲಿ ಕಲ್ಲು ಅರ್ಧದಲ್ಲೇ ಚೂರಾಗುತ್ತದೆ. ಗಣಿಯ ಪಸೆ ಆರಿದ ಕಲ್ಲು ಚೆನ್ನಾಗಿ ಸೀಳುವುದಿಲ್ಲ, ಆದ್ದರಿಂದ ಗಟ್ಟಿಗಳನ್ನು ಒದ್ದೆಯಾಗಿಯೇ ಇಡುತ್ತಾರೆ.

ಹೀಗೆ ಸೀಳಿ ಅಂಚು ಕತ್ತರಿಸಿದ ಕಲ್ಲಿಗೆ ಅಳತೆಗೆ ತಕ್ಕ ಹೆಸರು. 24 ಅಂಗುಲ ಉದ್ದ 12 ಅಂಗುಲ ಅಗಲದ್ದು 'ಡಚೆಸ್', 20ಕ್ಕೆ 10ರದ್ದು 'ಕೌಂಟೆಸ್', 16ಕ್ಕೆ 8ರದ್ದು 'ಲೇಡಿ'. ಹದಿನೆಂಟನೆಯ ಶತಮಾನದಿಂದ ಬಂದ ಈ ದೊಡ್ಡಮನೆತನದ ಬಿರುದುಗಳು ಇಂದಿಗೂ ಕೆಲಸಗಾರರ ಬಾಯಲ್ಲಿವೆ. ನಮ್ಮ ಮನೆಯದು ಕೌಂಟೆಸ್.

ದರ್ಜೆಯ ಮಾತಿಗೆ ಬಂದರೆ ಇಲ್ಲಿ ಎಡವುವವರೇ ಹೆಚ್ಚು. ಹಳೆಯ ಲೆಕ್ಕದಲ್ಲಿ 'ಬೆಸ್ಟ್' ಎಂದರೆ ಎಲ್ಲಕ್ಕಿಂತ ತೆಳುವಾದ ಸ್ಲೇಟು. ಅತಿ ನುಣುಪಾದ ಕಲ್ಲು ಮಾತ್ರ ಅಷ್ಟು ತೆಳುವಾಗಿ, ಸಮವಾಗಿ ಸೀಳುತ್ತದೆ ಎನ್ನುವುದು ಅದರ ತರ್ಕ. ಅದು ಸೀಳಿನ ದರ್ಜೆ, ಬಾಳಿಕೆಯದಲ್ಲ. ಅದೇ ಬಂಡೆಯ ದಪ್ಪ ಕಲ್ಲೂ ಅಷ್ಟೇ ವರ್ಷ ಬಾಳುತ್ತದೆ. ಬಾಳಿಕೆಗೆ ಈಗ ಯುರೋಪಿನಲ್ಲಿ ಇಎನ್ 12326 ಎಂಬ ಮಾನದಂಡ ಇದೆ. ಅದರಲ್ಲಿ ಮೂರು ಮುಖ್ಯ ಪರೀಕ್ಷೆ. ಕಲ್ಲು ಎಷ್ಟು ನೀರು ಕುಡಿಯುತ್ತದೆ ಎನ್ನುವುದು ಒಂದು. ತೂಕದ ಶೇ 0.6ಕ್ಕಿಂತ ಹೆಚ್ಚು ಕುಡಿಯದಿದ್ದರೆ ಡಬ್ಲ್ಯು1. ಎರಡನೆಯದರಲ್ಲಿ ಕಲ್ಲನ್ನು ಮತ್ತೆಮತ್ತೆ ನೆನೆಸಿ ಬಿಸಿಯಲ್ಲಿ ಒಣಗಿಸುತ್ತಾರೆ. ತುಕ್ಕಿನ ಕಲೆ ಇಳಿಯದಿದ್ದರೆ ಟಿ1, ಬಣ್ಣಗೆಟ್ಟು ಕಲೆ ಹರಿದರೆ ಟಿ2, ತುಕ್ಕು ಕಲ್ಲಿನ ಒಳಕ್ಕೆ ಇಳಿದು ಮುಂದೆ ತೂತಾಗುವ ಅಪಾಯವಿದ್ದರೆ ಟಿ3. ಮೂರನೆಯದು ಹೊಗೆಯೂರಿನ ಆಮ್ಲದ ಗಾಳಿಗೆ ಕಲ್ಲು ತಡೆಯುತ್ತದೆಯೇ ಎನ್ನುವ ಪರೀಕ್ಷೆ. ಅದಕ್ಕೆ ಎಸ್1ರಿಂದ ಎಸ್3ರವರೆಗೆ.

ಅಮೆರಿಕದ ಎಎಸ್‌ಟಿಎಂ ಸಿ406 ಮಾನದಂಡದಲ್ಲೂ ಎಸ್1, ಎಸ್2, ಎಸ್3 ಇವೆ. ಅಲ್ಲಿ ಅದರ ಅರ್ಥವೇ ಬೇರೆ. ಎಸ್1 ಎಂದರೆ 75 ವರ್ಷಕ್ಕೂ ಮೀರಿ ಬಾಳುವುದು, ಎಸ್2 ಎಂದರೆ 40ರಿಂದ 75, ಎಸ್3 ಎಂದರೆ 20ರಿಂದ 40 ವರ್ಷ. ಯುರೋಪಿನ ಎಸ್1 ಯಾವ ವರ್ಷದ ಭರವಸೆಯನ್ನೂ ಕೊಡುವುದಿಲ್ಲ, ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದಷ್ಟೇ ಹೇಳುತ್ತದೆ. ಒಂದೇ ಗುರುತು, ಎರಡು ಅರ್ಥ. ಕೊಳ್ಳುವವರು ಎಸ್1 ಯಾವ ಪುಸ್ತಕದ್ದು ಎಂದು ಮೊದಲು ಕೇಳಬೇಕು.

ಕೆಡುವ ಕಲ್ಲು ಕೆಡುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ಅದರೊಳಗೆ ಚಿನ್ನದ ಚುಕ್ಕಿಯಂತೆ ಹೊಳೆಯುವ ಪೈರೈಟ್. ಕೆಲವು ಕಲ್ಲಿನಲ್ಲಿ ಅದು ನೂರು ವರ್ಷ ಹೊಳೆಯುತ್ತಲೇ ಇರುತ್ತದೆ, ಕೆಲವು ಕಲ್ಲಿನಲ್ಲಿ ಕೆಲವೇ ವರ್ಷಕ್ಕೆ ತುಕ್ಕಾಗಿ ಕರಗಿ ತೂತು ಬೀಳುತ್ತದೆ. ಕಣ್ಣಿಗೆ ಎರಡೂ ಒಂದೇ ತೆರ, ಆದ್ದರಿಂದಲೇ ಆ ಪರೀಕ್ಷೆ. ಇನ್ನೊಂದು, ಕಲ್ಲಿನೊಳಗಿನ ಸುಣ್ಣದ ಅಂಶ. ಹೊಗೆಯೂರಿನ ಮಳೆಯ ಗಂಧಕಾಮ್ಲಕ್ಕೆ ಅದು ಜಿಪ್ಸಂ ಆಗಿ ಉಬ್ಬಿ ಕಲ್ಲನ್ನು ಹಪ್ಪಳದ ಹಾಗೆ ಪದರಪದರವಾಗಿ ಎಬ್ಬಿಸುತ್ತದೆ. ಇದು ಶುರುವಾಗುವುದು ಮಳೆ ತೊಳೆದು ಗಾಳಿ ಒಣಗಿಸುವ ಹೊರಮೈಯಲ್ಲಲ್ಲ, ಪಸೆ ಆರದೆ ನಿಲ್ಲುವ ಕಡೆ. ಮೇಲಿನ ಕಲ್ಲಿನ ಅಡಿಗೆ ಹೋದ ಭಾಗದಲ್ಲಿ, ಅಂದರೆ ಮೊಳೆಯ ತೂತಿನ ಸುತ್ತಮುತ್ತಲೇ. ಬೀದಿಯಿಂದ ನೋಡಿದರೆ ಮಾಡು ಸೊಗಸಾಗಿರುತ್ತದೆ, ಒಳಗೆ ಮೊಳೆ ಹಿಡಿಯಲು ಕಲ್ಲೇ ಇರುವುದಿಲ್ಲ. ಅಂಥ ಕಲ್ಲನ್ನು ಗೆಣ್ಣಿನಿಂದ ತಟ್ಟಿದರೆ ಡಬ್ ಎಂಬ ಸತ್ತ ಸದ್ದು. ಹಳಬರು ಮಾಡುತ್ತಿದ್ದ ಇನ್ನೊಂದು ಪರೀಕ್ಷೆ, ಕಲ್ಲನ್ನು ರಾತ್ರಿಯಿಡೀ ಅರ್ಧ ನೀರಿನಲ್ಲಿ ನಿಲ್ಲಿಸುವುದು. ಬೆಳಿಗ್ಗೆ ನೀರಿನ ಗೆರೆಯ ಹತ್ತಿರವೇ ಪಸೆ ನಿಂತಿದ್ದರೆ ಒಳ್ಳೆಯ ಕಲ್ಲು, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಮೇಲಕ್ಕೆ ಏರಿದ್ದರೆ ಬೇಡ. ಅಪ್ಪ ಬಚ್ಚಲ ಬಕೆಟ್ಟಿನಲ್ಲಿ ಇದನ್ನು ಮಾಡಿಯೇ ನೋಡಿದರು. ಬೆಳಿಗ್ಗೆ ಪಸೆ ಬೆರಳಿನ ಅಗಲವೂ ಏರಿರಲಿಲ್ಲ.

ಕಲ್ಲು ಚೆನ್ನಾಗಿದೆ ಎಂದು ಗೊತ್ತಾದ ಮೇಲೆ ಅಪ್ಪನ ಪ್ರಶ್ನೆ ಸಹಜವಾಗಿತ್ತು. "ಮತ್ತೇನು, ಮೇಲಿನದನ್ನ ಸ್ವಲ್ಪ ಎತ್ತಿ ಇದನ್ನ ಒಳಗೆ ತೂರಿಸಿದರೆ ಆಯಿತಲ್ಲ?" ಮಂಗಳೂರು ಹೆಂಚಿನಲ್ಲಿ ಆಗುವುದು ಹಾಗೆಯೇ. ಹೆಂಚಿನ ಬೆನ್ನಿನ ಹಲ್ಲು ರೀಪಿಗೆ ಸಿಕ್ಕಿಕೊಂಡಿರುತ್ತದೆ, ಪಕ್ಕದ್ದರ ತೋಡಿನಲ್ಲಿ ಇದರ ಏಣು ಕೂರುತ್ತದೆ, ಭಾರವೇ ಹಿಡಿತ. ಒಡೆದ ಹೆಂಚನ್ನು ಒಬ್ಬನೇ ನಿಮಿಷದಲ್ಲಿ ಬದಲಾಯಿಸಬಹುದು. ಸ್ಲೇಟಿಗೆ ಹಲ್ಲಿಲ್ಲ, ತೋಡಿಲ್ಲ. ಅದು ಬರೀ ಚಪ್ಪಟೆ ಹಾಳೆ. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ನಡುವಿನ ಸಂದಿನಲ್ಲಿ ನೀರು ಇಳಿದೇ ಇಳಿಯುತ್ತದೆ. ಅದಕ್ಕೇ ಸ್ಲೇಟಿನ ಲೆಕ್ಕ ಬೇರೆ.

ಒಂದು ಸಾಲಿನ ಸಂದಿನ ಕೆಳಗೆ ಕೆಳಸಾಲಿನ ಕಲ್ಲಿನ ನಡುಬೆನ್ನು ಬರುವಂತೆ, ಗೋಡೆಯ ಇಟ್ಟಿಗೆಯ ಹಾಗೆ, ಸಾಲುಗಳನ್ನು ಅರ್ಧ ಕಲ್ಲಿನಷ್ಟು ಸರಿಸಿ ಕೂರಿಸುತ್ತಾರೆ. ಸಂದಿನಲ್ಲಿ ಇಳಿದ ನೀರು ಕೆಳಗಿನ ಕಲ್ಲಿನ ಬೆನ್ನಿನ ಮೇಲೆ ಬೀಸಣಿಗೆಯ ಹಾಗೆ ಎರಡೂ ಪಕ್ಕಕ್ಕೆ ಹರಡುತ್ತ ಜಾರುತ್ತದೆ. ಅದು ಮೊಳೆಯ ತೂತಿಗೋ ಕಲ್ಲಿನ ಪಕ್ಕದ ಅಂಚಿಗೋ ಮುಟ್ಟುವ ಮುಂಚೆ ಹೊರಗೆ ಬಂದುಬಿಡಬೇಕು. ಮಾಡು ಚಪ್ಪಟೆಯಾದಷ್ಟೂ ಆ ಬೀಸಣಿಗೆ ಅಗಲವಾಗುತ್ತದೆ, ಗಾಳಿ ಜೋರಿದ್ದಷ್ಟೂ ನೀರು ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಕಲ್ಲೂ ತನ್ನ ಕೆಳಗಿನ ಸಾಲನ್ನಷ್ಟೇ ಅಲ್ಲ, ಅದರ ಕೆಳಗಿನ ಸಾಲಿನ ತಲೆಯನ್ನೂ ಸ್ವಲ್ಪ ಮುಚ್ಚಬೇಕು. ಆ 'ಸ್ವಲ್ಪ'ಕ್ಕೆ ಲ್ಯಾಪ್ ಎಂದು ಹೆಸರು. ಮಾಡಿನ ಯಾವ ಜಾಗದಲ್ಲೂ ಎರಡು ಕಲ್ಲಿನ ದಪ್ಪ, ಲ್ಯಾಪ್ ಇರುವಲ್ಲಿ ಮೂರು.

ನಮ್ಮ ಕಲ್ಲು 20 ಅಂಗುಲ ಉದ್ದ, ಲ್ಯಾಪ್ 3 ಅಂಗುಲ. ಇಪ್ಪತ್ತರಲ್ಲಿ ಮೂರು ಕಳೆದರೆ ಹದಿನೇಳು, ಅದರ ಅರ್ಧ ಎಂಟೂವರೆ. ಹೊರಗೆ ಕಾಣುವುದು ಎಂಟೂವರೆ ಅಂಗುಲ ಮಾತ್ರ, ರೀಪಿನಿಂದ ರೀಪಿಗೂ ಅಷ್ಟೇ ದೂರ. 20 ಅಂಗುಲದ ಕಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಯಾರಿಗೂ ಕಾಣದಂತೆ ಒಳಗೇ ಇರುತ್ತದೆ. ಮೊಳೆಯೂ ಅಲ್ಲೇ. ಕಲ್ಲಿನ ನಡುವಿಗೆ ತುಸು ಮೇಲೆ, ಕೆಳಸಾಲಿನ ಕಲ್ಲಿನ ತಲೆಗೆ ತಾಗದ ಹಾಗೆ ಹೊಡೆದ ಮೊಳೆಯನ್ನು ಮೇಲಿನ ಸಾಲಿನ ಕಲ್ಲು ಮುಚ್ಚಿರುತ್ತದೆ. ತಲೆಯ ಹತ್ತಿರ ಹೊಡೆಯುವ ಪದ್ಧತಿಯೂ ಇದೆ. ಆದರೆ ಗಾಳಿ ಬಾಲವನ್ನು ಎತ್ತಿದಾಗ ಇಡೀ ಕಲ್ಲು ಸನ್ನೆಕೋಲಾಗಿ ಮೊಳೆಯನ್ನು ಮೀಟುತ್ತದೆ. ನಡುವೆ ಹೊಡೆದರೆ ಆ ಮೀಟು ಕಡಿಮೆ.

ಕೆಲಸಕ್ಕೆ ಇಬ್ಬರನ್ನು ಕರೆದು ಕೇಳಿದೆವು. ಮೊದಲು ಬಂದವನು ಅಟ್ಟದ ಕಡೆ ಕತ್ತೆತ್ತಿಯೂ ನೋಡದೆ, ಸ್ಲೇಟುಗಳ ಅಡಿಯಿಂದ ನೊರೆಯಂಥ ಫೋಮ್ ಸಿಂಪಡಿಸಿದರೆ ಎಲ್ಲ ಕಲ್ಲೂ ಅಂಟಿಕೊಂಡು ನಿಲ್ಲುತ್ತವೆ, ಮನೆಯೂ ಬೆಚ್ಚಗಾಗುತ್ತದೆ ಎಂದ. ಎರಡನೆಯವರು ಅರವತ್ತು ದಾಟಿದ ಮೇಸ್ತ್ರಿ, ಹುಡುಗನಾಗಿದ್ದಾಗಿನಿಂದ ಇದೇ ಕಸುಬು. ಅವರು ಮೊದಲು ಕೇಳಿದ್ದು ಅಟ್ಟಕ್ಕೆ ಏಣಿ. ಟಾರ್ಚ್ ಹಿಡಿದು ಒಳಗಿನಿಂದ ರೀಪುಗಳನ್ನು ಒಂದೊಂದಾಗಿ ನೋಡಿದರು. ಬೆಳಕು ಇಣುಕುತ್ತಿದ್ದ ಎರಡು ಕಡೆ ಕೈಯಿಟ್ಟು ಕಲ್ಲನ್ನು ಅಲ್ಲಾಡಿಸಿದರು. ಅಪ್ಪನೂ ಬಿಡದೆ ಹಿಂದೆಯೇ ಹತ್ತಿದ್ದರು.

ಫೋಮಿನ ವಿಷಯ ಕೇಳಿದ್ದಕ್ಕೆ ಅವರು ಬಿಡಿಸಿ ಹೇಳಿದರು. ಸ್ಲೇಟಿನ ಮಾಡು ಉಸಿರಾಡುವ ಮಾಡು. ಸಂದುಗಳಲ್ಲಿ ಗಾಳಿಯಾಡುವುದರಿಂದಲೇ ರೀಪು, ಪಕ್ಕಾಸು ಒಣಗಿರುತ್ತವೆ. ಅಡಿಯಿಂದ ಮುಚ್ಚಿಬಿಟ್ಟರೆ ಪಸೆ ಮರದಲ್ಲೇ ನಿಂತು ಮರ ಕೊಳೆಯುತ್ತದೆ, ಕೊಳೆಯುವುದು ಕಾಣುವುದೂ ಇಲ್ಲ. ಮುಂದೊಂದು ದಿನ ಮಾಡು ಬಿಚ್ಚುವಾಗ ಒಂದು ಕಲ್ಲೂ ಇಡಿಯಾಗಿ ಕೈಗೆ ಬರುವುದಿಲ್ಲ. ಹಿಂದೆ ಇದೇ ಆಸೆಗೆ ಮಾಡಿನ ಮೇಲೆ ಬಟ್ಟೆ ಹಾಸಿ ಡಾಂಬರು ಬಳಿಯುತ್ತಿದ್ದರಂತೆ. ಅಂಥ ಮಾಡುಗಳು ಇಂದಿಗೂ ಅಲ್ಲಲ್ಲಿ ಕಪ್ಪಾಗಿ ಬಿರುಕುಬಿಟ್ಟು ನಿಂತಿರುವುದನ್ನು ನಾನೇ ನೋಡಿದ್ದೇನೆ. ಡಾಂಬರು, ಸಿಲಿಕೋನ್, ಸಿಮೆಂಟು, ಫೋಮು ಎಲ್ಲವೂ ಕಲ್ಲನ್ನು ಕಲ್ಲಿಗೆ ಅಂಟಿಸುವ ಪ್ರಯತ್ನ. ಸೋತಿರುವುದು ಕಲ್ಲಿಗೂ ಮರಕ್ಕೂ ನಡುವಿನ ಹಿಡಿತ.

ಸದ್ಯಕ್ಕೆ ಬಿದ್ದ ಮೂರು ಕಲ್ಲನ್ನೂ, ಒಡೆದು ಸಿಕ್ಕಿಕೊಂಡಿದ್ದ ಇನ್ನೊಂದನ್ನೂ ಸರಿಮಾಡೋಣ ಎಂದರು ಮೇಸ್ತ್ರಿ. ಮಾಡಿನ ನೆತ್ತಿಗೆ ಕೊಕ್ಕೆ ಸಿಕ್ಕಿಸಿದ ಮರದ ಏಣಿ ಹಾಸಿ ಅದರ ಮೇಲೆಯೇ ನಿಂತರು. ಬರಿಯ ಸ್ಲೇಟಿನ ಮೇಲೆ ಕಾಲಿಟ್ಟರೆ ಒಂದು ಕಲ್ಲು ಸರಿಮಾಡುವಷ್ಟರಲ್ಲಿ ಆರು ಒಡೆಯುತ್ತವೆ.

ಒಡೆದದ್ದನ್ನು ತೆಗೆಯಲು ಅವರು ಹಿಡಿದದ್ದು ರಿಪ್ಪರ್. ಎರಡಡಿ ಉದ್ದದ ತೆಳು ಉಕ್ಕಿನ ಪಟ್ಟಿ, ತುದಿ ಬಾಣದ ತಲೆಯ ಹಾಗೆ ಅಗಲ, ಅದರ ಎರಡೂ ಕಡೆ ಹಿಂದಕ್ಕೆ ಬಾಗಿದ ಕೊಕ್ಕೆ. ಪಟ್ಟಿಯನ್ನು ಒಡೆದ ಕಲ್ಲಿನ ಅಡಿಗೆ ಮೇಲ್ಮುಖವಾಗಿ ತೂರಿಸಿ ಅತ್ತಿತ್ತ ಆಡಿಸಿದರು. ಕಾಣದ ಮೊಳೆಗೆ ಕೊಕ್ಕೆ ಸಿಕ್ಕಿತು ಎಂದು ಕೈಗೆ ತಿಳಿದ ಕೂಡಲೇ ಹಿಡಿಯ ಮೇಲೆ ಸುತ್ತಿಗೆಯಿಂದ ಕೆಳಮುಖವಾಗಿ ಒಂದು ಪೆಟ್ಟು. ಮೊಳೆ ಕತ್ತರಿಸಿತು. ಇನ್ನೊಂದು ಪಕ್ಕಕ್ಕೂ ಹಾಗೆಯೇ. ಚೂರುಗಳು ಜಾರಿ ಕೈಗೆ ಬಂದವು.

ಈಗ ಹೊಸ ಕಲ್ಲನ್ನು ಹಿಡಿಸುವುದು ಹೇಗೆ? ಮೊಳೆ ಹೊಡೆಯಬೇಕಾದ ಜಾಗ ಮೇಲಿನ ಸಾಲಿನ ಅಡಿಯಲ್ಲಿದೆ, ಸುತ್ತಿಗೆ ಹೋಗದು. ಇಲ್ಲಿ ಬರುವುದು ಟಿಂಗಲ್. ಒಂದಂಗುಲ ಅಗಲದ ತಾಮ್ರದ ಪಟ್ಟಿ. ಕಲ್ಲು ತೆಗೆದ ಖಾಲಿ ಜಾಗದಲ್ಲಿ ಕೆಳಸಾಲಿನ ಎರಡು ಕಲ್ಲುಗಳ ನಡುವಿನ ಸಂದು ಕಾಣುತ್ತದೆ, ಆ ಸಂದಿನಲ್ಲಿ ರೀಪು ಸಿಗುತ್ತದೆ. ಪಟ್ಟಿಯ ಮೇಲ್ತುದಿಯನ್ನು ಅಲ್ಲಿ ಒಂದು ತಾಮ್ರದ ಮೊಳೆಯಿಂದ ಹೊಡೆದು, ಉಳಿದದ್ದನ್ನು ಕೆಳಕ್ಕೆ ಇಳಿಬಿಟ್ಟರು. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಿ ಅಕ್ಕಪಕ್ಕದ ಬಾಲಗಳ ಸಾಲಿಗೆ ಕೂರಿಸಿದರು. ಪಟ್ಟಿಯ ತುದಿಯನ್ನು ಮೇಲಕ್ಕೆ ಎತ್ತಿ, ಎರಡು ಮಡಿಕೆ ಮಾಡಿ ಕಲ್ಲಿನ ಬಾಲದ ಮೇಲೆ ಒತ್ತಿದರು. ಒಂದೇ ಮಡಿಕೆ ಸಾಲದು, ಮಾಡಿನ ಮೇಲಿಂದ ಜಾರುವ ಹಿಮ ಅದನ್ನು ನೆಟ್ಟಗೆ ಮಾಡಿಬಿಡುತ್ತದೆ. ಸೀಸದ ಪಟ್ಟಿ ಇನ್ನೂ ಮೆತು, ಬೇಗ ಬಿಚ್ಚಿಕೊಳ್ಳುತ್ತದೆ. ನಾಲ್ಕು ಕಲ್ಲಿಗೆ ಒಂದು ಗಂಟೆಯೂ ಹಿಡಿಯಲಿಲ್ಲ.

ಕೆಳಗಿಳಿದ ಮೇಲೆ ಮೇಸ್ತ್ರಿ ಹೇಳಿದ್ದು ನನಗೆ ಬೇಸರ ತಂದರೂ ನಿಜವಾಗಿತ್ತು. ಒಡೆದ ಕಲ್ಲಿಗೆ ಟಿಂಗಲ್ ಮದ್ದು, ಮೊಳೆಯ ಕಾಯಿಲೆಗಲ್ಲ. ಒಂದು ಮಾಡಿನ ಎಲ್ಲ ಮೊಳೆಯೂ ಒಂದೇ ದಿನ ಹೊಡೆದದ್ದು, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸಾಯುತ್ತವೆ. ಗಾಳಿಗೆ ಇಡೀ ಕಲ್ಲುಗಳೇ ಉದುರತೊಡಗಿದರೆ, ತುಕ್ಕಿನ ತೂತು ಕಂಡರೆ, ವರ್ಷವರ್ಷವೂ ತಾಮ್ರದ ಬಿಲ್ಲೆಗಳು ಹೆಚ್ಚುತ್ತ ಹೋದರೆ, ಇಡೀ ಮಗ್ಗುಲನ್ನು ಬಿಚ್ಚಿ ಮತ್ತೆ ಹೊದಿಸಬೇಕು. ಬೇಸಿಗೆಯಲ್ಲಿ ಅದನ್ನೇ ಮಾಡಿಸಿದೆವು.

ಬೀದಿಯ ಕಡೆಯ ಮಗ್ಗುಲು 5 ಮೀಟರ್ ಅಗಲ, ಸೂರಿನಿಂದ ನೆತ್ತಿಗೆ 4.5 ಮೀಟರ್. ಕೌಂಟೆಸ್ ಕಲ್ಲು ಎಂಟೂವರೆ ಅಂಗುಲ ಕಾಣುವಂತೆ ಹೊದಿಸಿದರೆ ಚದರ ಮೀಟರಿಗೆ ಹದಿನೆಂಟು ಚಿಲ್ಲರೆ ಕಲ್ಲು, ಒಟ್ಟು ಸುಮಾರು 410. ಬಿಚ್ಚಿದ ಪ್ರತಿಯೊಂದನ್ನೂ ಮೇಸ್ತ್ರಿ ತಟ್ಟಿ ನೋಡಿದರು. ಟಣ್ ಎಂದದ್ದು ಒಂದು ಕಡೆ, ಡಬ್ ಎಂದದ್ದು ಇನ್ನೊಂದು ಕಡೆ. ಐದರಲ್ಲಿ ನಾಲ್ಕು ಟಣ್ ಎಂದವು. ತೂತು ದೊಡ್ಡದಾದದ್ದಕ್ಕೆ ಪಕ್ಕದಲ್ಲೇ ಹೊಸ ತೂತು. ಕಡಿಮೆ ಬಿದ್ದ ಎಂಬತ್ತಕ್ಕೆ ಅದೇ ಅಳತೆಯ, ಅದೇ ಬಣ್ಣದ ಹಳೆಯ ಕಲ್ಲು ತಂದರು. ಆಮೇಲೆ ದಪ್ಪದ ಪ್ರಕಾರ ಮೂರು ರಾಶಿ ಮಾಡಿ, ದಪ್ಪದವನ್ನು ಸೂರಿಗೆ, ತೆಳುವನ್ನು ನೆತ್ತಿಗೆ ಇಟ್ಟರು. ಒಂದೇ ಸಾಲಿನಲ್ಲಿ ದಪ್ಪದ್ದೂ ತೆಳುವೂ ಪಕ್ಕಪಕ್ಕ ಕೂತರೆ ಮೇಲಿನ ಕಲ್ಲು ಕುಂಟುತ್ತದೆ, ಅಡಿಯಲ್ಲಿ ಗಾಳಿ ನುಗ್ಗುತ್ತದೆ.

ತೂತು ಹೊಡೆಯುವುದರಲ್ಲೂ ಒಂದು ಮರ್ಮ. ಕಲ್ಲನ್ನು ಬೋರಲು ಹಾಕಿ ಬೆನ್ನ ಕಡೆಯಿಂದ ಚೂಪು ಮೊನೆಯಿಂದ ಕುಟ್ಟುತ್ತಾರೆ. ಮೊನೆ ಹೊರಬರುವ ಕಡೆ, ಅಂದರೆ ಮಾಡಿನ ಮೇಲ್ಮುಖದಲ್ಲಿ, ಕಲ್ಲು ಚಕ್ಕೆಯೆದ್ದು ಸಣ್ಣ ಬಟ್ಟಲಿನಂಥ ಗುಳಿಯಾಗುತ್ತದೆ. ಮೊಳೆಯ ತಲೆ ಆ ಗುಳಿಯಲ್ಲಿ ಅಡಗುತ್ತದೆ, ಮೇಲಿನ ಕಲ್ಲಿಗೆ ಒತ್ತುವುದಿಲ್ಲ.

ಮೊಳೆ ಈ ಸಲ ತಾಮ್ರದ್ದು, ಅಗಲ ತಲೆಯದು, ಒಂದೂವರೆ ಅಂಗುಲದ್ದು. ತಾಮ್ರಕ್ಕೆ ಎರಡು ಗುಣ. ತುಕ್ಕು ತಿನ್ನದು, ಕಲ್ಲಿನಷ್ಟೇ ಕಾಲ ಬಾಳಬಲ್ಲದು. ಮೆತುವಾದ್ದರಿಂದ ಮುಂದೆ ರಿಪ್ಪರಿಗೆ ಸುಲಭವಾಗಿ ಕತ್ತರಿಸುತ್ತದೆ. ಹೊಡೆಯುವಾಗ ಮೇಸ್ತ್ರಿಯ ಸುತ್ತಿಗೆ ಕೊನೆಯ ಪೆಟ್ಟಿಗೆ ಹಗುರಾಗುವುದನ್ನು ಅಪ್ಪ ಗಮನಿಸಿ ನನಗೆ ತೋರಿಸಿದರು. ಕಲ್ಲನ್ನು ರೀಪಿಗೆ ಬಿಗಿಯಬಾರದು, ಗೋಡೆಯ ಮೊಳೆಗೆ ಪಟ ತೂಗಿಬಿಟ್ಟ ಹಾಗೆ ಅದು ತೂಗಬೇಕು. ಬಿಗಿದರೆ ಮರ ಉಬ್ಬಿ ಕುಗ್ಗುವಾಗ ತೂತಿನಿಂದ ತೂತಿಗೆ ಬಿರುಕು ಹುಟ್ಟುತ್ತದೆ. ಸಡಿಲವಾಗಿ ಎದ್ದು ನಿಂತ ಮೊಳೆಯಾದರೆ ಮೇಲಿನ ಕಲ್ಲನ್ನು ಒಳಗಿನಿಂದ ಚುಚ್ಚಿ ಒಡೆಯುತ್ತದೆ. ಒಂದು ಸುತ್ತಿಗೆ ಪೆಟ್ಟಿನ ಹೆಚ್ಚುಕಡಿಮೆ ಹತ್ತು ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ.

ಕೊಕ್ಕೆ ಹಾಕಿಸಿದರೆ ಹೇಗೆ ಎಂದು ನಾನು ಕೇಳಿದ್ದೆ. ಫ್ರಾನ್ಸಿನಲ್ಲಿ ಬಹಳ ಮಾಡುಗಳು ಕೊಕ್ಕೆಯವೇ. ಸ್ಪೇನಿನ ಗಲಿಸಿಯಾದಿಂದ ಬರುವ ತೆಳು ಕಲ್ಲಿಗೆ ಅಲ್ಲಿ ತೂತೇ ಹೊಡೆಯುವುದಿಲ್ಲ. ಸ್ಟೇನ್‌ಲೆಸ್ ಉಕ್ಕಿನ ತಂತಿಯ ಕೊಕ್ಕೆಯ ಮೇಲ್ತುದಿಯನ್ನು ರೀಪಿಗೆ ಸಿಕ್ಕಿಸುತ್ತಾರೆ ಇಲ್ಲವೇ ಮೊನೆಯಿದ್ದರೆ ರೀಪಿಗೆ ಹೊಡೆಯುತ್ತಾರೆ. ತಂತಿ ಎರಡು ಕಲ್ಲಿನ ಸಂದಿನಲ್ಲಿ ಇಳಿದು, ಕೆಳಗಿನ ಬಾಗಿದ ತುದಿಯಲ್ಲಿ ಮೇಲಿನ ಕಲ್ಲಿನ ಬಾಲವನ್ನು ಹೊರುತ್ತದೆ. ಕೊಕ್ಕೆಯ ಉದ್ದ ಲ್ಯಾಪ್‌ಗಿಂತ ತುಸು ಹೆಚ್ಚು, ಅಷ್ಟೇ. ಟಿಂಗಲ್ ಮಾಡುವ ಕೆಲಸವನ್ನೇ ಇಲ್ಲಿ ಮೊದಲ ದಿನದಿಂದ ಪ್ರತಿ ಕಲ್ಲಿಗೂ ಮಾಡಿದಂತೆ. ಕಲ್ಲು ತೂತಿಲ್ಲದೆ ಗಟ್ಟಿಯಾಗಿರುತ್ತದೆ, ಬಾಲವೇ ಹಿಡಿದಿರುವುದರಿಂದ ಗಾಳಿ ಎತ್ತಲಾರದು, ಒಡೆದರೆ ಕೊಕ್ಕೆಯನ್ನು ಸರಿಸಿ ಹೊಸದನ್ನು ಕೂರಿಸಬಹುದು. ಆದರೆ ಸಂದಿನಲ್ಲಿ ತಂತಿ ಇದ್ದರೆ ಅದಕ್ಕೆ ಅಂಟಿ ನೀರು ಮೇಲಕ್ಕೂ ಎಳೆದುಕೊಳ್ಳುತ್ತದೆ, ಎಲೆ ಕಸ ನಿಲ್ಲುತ್ತದೆ. ಚಪ್ಪಟೆ ಮಾಡಿಗೆ ಅದಕ್ಕೇ ಅಲೆಯಲೆಯಾಗಿ ಬಾಗಿಸಿದ ತಂತಿಯ ಕೊಕ್ಕೆ ಬೇಕಾಗುತ್ತದೆ. ಕಡಲ ಹತ್ತಿರವಾದರೆ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕು ಸಾಲದು, 316 ಎಂಬ ಜಾತಿಯದೇ ಆಗಬೇಕು. ಮೇಸ್ತ್ರಿ ನಮ್ಮ ಮನೆಗೆ ಕೊಕ್ಕೆ ಬೇಡ ಎಂದದ್ದು ಬೇರೆ ಕಾರಣಕ್ಕೆ. ನಮ್ಮ ಕಲ್ಲುಗಳಿಗೆ ಆಗಲೇ ತೂತಿದೆ, ಬೀದಿಯ ಉಳಿದ ಮಾಡುಗಳೆಲ್ಲ ಮೊಳೆಯವು, ಸಾಲಿನಲ್ಲಿ ಇದೊಂದೇ ಚುಕ್ಕಿಚುಕ್ಕಿಯಾಗಿ ಹೊಳೆಯುತ್ತದೆ.

ಹೊದಿಸಿ ಮುಗಿದ ಮೇಲೆ ಇಪ್ಪತ್ತು ಕಲ್ಲು ಉಳಿದವು. ಅವನ್ನು ಗೋಡೆಗೆ ಒರಗಿಸಿ, ಅಂಚಿನ ಮೇಲೆ ನಿಲ್ಲಿಸಿಡಲು ಮೇಸ್ತ್ರಿ ಹೇಳಿದರು. ಮಲಗಿಸಿ ಪೇರಿಸಿದರೆ ಅಡಿಯವು ಸೀಳುತ್ತವೆ.

ಕಳೆದ ಚಳಿಗಾಲದಲ್ಲಿ ಮತ್ತೆ ಒಂದು ಬಿತ್ತು. ಈ ಸಲ ಇಡೀ ಕಲ್ಲಲ್ಲ, ಕೆಳಗಿನ ಅರ್ಧ ಮಾತ್ರ. ಒಡೆದ ಗೆರೆ ಒಂದು ತೂತಿನಿಂದ ಇನ್ನೊಂದಕ್ಕೆ ನೇರವಾಗಿ ಹೋಗಿತ್ತು, ತೂತಿನಲ್ಲಿ ತುಕ್ಕಿನ ಕಲೆ ಇರಲಿಲ್ಲ. ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಸಂಜೆ ಫೋನು ಬಂತು.

"ಇದು ಬಿಗಿಯಾಗಿ ಹೊಡೆದ ಮೊಳೆ. ಯಜಮಾನರು ಹೊಡೆದದ್ದಲ್ಲ, ಜೊತೆಗಿದ್ದ ಹುಡುಗ ಹೊಡೆದಿರಬೇಕು. ಅವರನ್ನೇ ಕರೆಸು."

ಮೇಸ್ತ್ರಿ ಬಂದು ರಿಪ್ಪರ್ ತೂರಿಸಿದರು. ತಾಮ್ರದ ಮೊಳೆ ಒಂದೇ ಪೆಟ್ಟಿಗೆ ಕತ್ತರಿಸಿತು, ಎರಡನೆಯದೂ ಅಷ್ಟೇ. ಒಳಗೆ ಉಳಿದಿದ್ದ ಮೇಲರ್ಧ ಜಾರಿ ಅವರ ಕೈಗೆ ಬಂತು. ಗೋಡೆಗೆ ಒರಗಿಸಿದ್ದ ಇಪ್ಪತ್ತರಲ್ಲಿ ಒಂದನ್ನು ನಾನು ತಟ್ಟಿ ನೋಡಿ ಏಣಿಯ ಮೇಲೆ ಕೊಟ್ಟೆ.